ಪಾಳಿಗೆ ಎಷ್ಟು ನರ್ಸ್‌ಗಳು ಬೇಕು? ರೋಗಿಯ ಅವಲಂಬನೆಯಿಂದ ಲೆಕ್ಕ ಹಾಕುವ ಬಗೆ

28 ಹಾಸಿಗೆಗಳ ವಾರ್ಡು ಭರ್ತಿಯಾಗಿದೆ ಎಂದಷ್ಟೇ ತಿಳಿದರೆ ಅಲ್ಲಿ ಆ ದಿನ ಎಷ್ಟು ಶುಶ್ರೂಷೆಯ ಕೆಲಸವಿದೆ ಎಂದು ಹೇಳಲಾಗುವುದಿಲ್ಲ. ನಾಳೆ ಮನೆಗೆ ಹೊರಡಲಿರುವ, ತಾನೇ ಎದ್ದು ಸ್ನಾನ ಮಾಡಿ ಬರುವ ರೋಗಿಯೂ ಒಂದು ಹಾಸಿಗೆಯೇ. ಪಾರ್ಶ್ವವಾಯು ಹೊಡೆದು, ನುಂಗಲಾಗದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ರೋಗಿಯೂ ಒಂದು ಹಾಸಿಗೆಯೇ. ಇಷ್ಟು ಹಾಸಿಗೆಗೆ ಒಬ್ಬ ನರ್ಸ್ ಎಂಬ ಸ್ಥಿರ ಅನುಪಾತವು ಇವರಿಬ್ಬರನ್ನೂ ಒಂದೇ ಎಂದು ಎಣಿಸುತ್ತದೆ. ಅದರ ಬದಲು ಪ್ರತಿ ಪಾಳಿಯಲ್ಲೂ ರೋಗಿಗಳು ನರ್ಸ್‌ಗಳನ್ನು ಎಷ್ಟರ ಮಟ್ಟಿಗೆ ಅವಲಂಬಿಸಿದ್ದಾರೆ ಎಂದು ವರ್ಗೀಕರಿಸಿ, ಅದರಿಂದ ಬೇಕಾದ ಗಂಟೆಗಳನ್ನೂ ಆ ಗಂಟೆಗಳಿಂದ ಬೇಕಾದ ಜನರನ್ನೂ ಲೆಕ್ಕ ಹಾಕುವ ಪದ್ಧತಿಗಳು ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಅವುಗಳಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಪದ್ಧತಿಯನ್ನು ಇಲ್ಲಿ ವಿವರವಾಗಿ ನೋಡಬಹುದು. ಅದರ ಅಂಕಿಗಳು ಪ್ರಕಟವಾಗಿವೆ, ಅದರ ದೋಷಗಳ ಬಗ್ಗೆ ಸಂಶೋಧನೆಯೂ ನಡೆದಿದೆ; ಮೇಲಾಗಿ ಕರ್ನಾಟಕದಲ್ಲಿ ಓದಿದ ಬಹಳಷ್ಟು ನರ್ಸ್‌ಗಳು ಇಂದು ಆ ವಾರ್ಡುಗಳಲ್ಲಿ ಕೆಲಸ ಮಾಡುತ್ತಿದ್ದಾರೆ.

ಸ್ಥಿರ ಅನುಪಾತವನ್ನು ಹಳೆಯ ಕಾಲದ ಒರಟು ಲೆಕ್ಕವೆಂದು ಬದಿಗೆ ತಳ್ಳುವುದು ಮಾತ್ರ ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಆದ ಕಾನೂನಿನ ಫಲವಾಗಿ ಸಾಮಾನ್ಯ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿ ಒಬ್ಬ ನರ್ಸ್‌ಗೆ ಐವರಿಗಿಂತ ಹೆಚ್ಚು ರೋಗಿಗಳನ್ನು ವಹಿಸುವಂತಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯ 2016ರಲ್ಲಿ ತನ್ನ ದೊಡ್ಡ ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಿಗೆ ಬೆಳಿಗ್ಗೆ ಮತ್ತು ಮಧ್ಯಾಹ್ನ ನಾಲ್ವರು ರೋಗಿಗಳಿಗೆ ಒಬ್ಬರು, ರಾತ್ರಿ ಏಳು ರೋಗಿಗಳಿಗೆ ಒಬ್ಬರು ಎಂದು ಗೊತ್ತುಮಾಡಿತು. ಇಂಥ ನಿಯಮದ ದೊಡ್ಡ ಗುಣವೆಂದರೆ ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ವಾರ್ಡಿನ ಬಾಗಿಲಲ್ಲಿ ನಿಂತು ತಲೆ ಎಣಿಸಿದರೆ ಸಾಕು, ನಿಯಮ ಪಾಲನೆಯಾಗಿದೆಯೋ ಇಲ್ಲವೋ ತಿಳಿದುಬಿಡುತ್ತದೆ. ಆಡಳಿತದವರು ಅಂಕಿಗಳನ್ನು ತಿರುಚಲು ಅವಕಾಶ ಕಡಿಮೆ. ಅನುಪಾತದ ಕಟ್ಟಾ ಬೆಂಬಲಿಗರೂ ಅದನ್ನು ಕೆಳಗಿನ ಮಿತಿ ಎಂದೇ ಪರಿಗಣಿಸುತ್ತಾರೆ. ಕ್ಯಾಲಿಫೋರ್ನಿಯಾದ ನಿಯಮಗಳಲ್ಲೇ ಆಸ್ಪತ್ರೆಯು ರೋಗಿಗಳನ್ನು ವರ್ಗೀಕರಿಸುವ ವ್ಯವಸ್ಥೆಯೊಂದನ್ನು ಇಟ್ಟುಕೊಂಡು, ಅಗತ್ಯ ಕಂಡಾಗ ಅನುಪಾತಕ್ಕಿಂತ ಹೆಚ್ಚು ಜನರನ್ನು ಒದಗಿಸಬೇಕು ಎಂದಿದೆ. ತೊಡಕು ಹುಟ್ಟುವುದು ಆ ಕೆಳಮಿತಿಯೇ ಮೇಲ್ಮಿತಿಯೂ ಆದಾಗ, ಅಂದರೆ 'ನಿಯಮದಷ್ಟು ಜನರಿದ್ದಾರಲ್ಲ' ಎಂದು ಲೆಕ್ಕವನ್ನು ಅಲ್ಲಿಗೇ ಮುಗಿಸಿಬಿಟ್ಟಾಗ.

ಇಂಗ್ಲೆಂಡು ಬೇರೆ ದಾರಿ ಹಿಡಿಯಿತು. ಮಿಡ್ ಸ್ಟಾಫರ್ಡ್‌ಶೈರ್‌ನ ಆಸ್ಪತ್ರೆಯಲ್ಲಿ ನಡೆದ ಘೋರ ನಿರ್ಲಕ್ಷ್ಯದ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 2013ರಲ್ಲಿ ಹೊರಬಂದ ಮೇಲೆ ವಾರ್ಡುಗಳಲ್ಲಿ ಎಷ್ಟು ನರ್ಸ್‌ಗಳಿರಬೇಕು ಎಂಬ ಪ್ರಶ್ನೆ ರಾಷ್ಟ್ರೀಯ ಚರ್ಚೆಯಾಯಿತು. ಮರುವರ್ಷ ಅಲ್ಲಿನ ನೈಸ್ ಸಂಸ್ಥೆ ವಯಸ್ಕರ ವಾರ್ಡುಗಳಿಗೆ ಮಾರ್ಗಸೂಚಿ ಹೊರಡಿಸಿತು. ಎಲ್ಲ ವಾರ್ಡುಗಳಿಗೂ ಹೊಂದುವ ಒಂದೇ ಅನುಪಾತವಿಲ್ಲ ಎಂದು ಅದು ಹೇಳಿತು. ಜೊತೆಗೆ, ಹಗಲು ಪಾಳಿಯಲ್ಲಿ ಒಬ್ಬ ನೋಂದಾಯಿತ ನರ್ಸ್‌ಗೆ ಎಂಟಕ್ಕಿಂತ ಹೆಚ್ಚು ರೋಗಿಗಳಿದ್ದರೆ ಹಾನಿಯ ಸಂಭವ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿದೆ ಎಂದೂ ದಾಖಲಿಸಿತು. ರೋಗಿಗಳ ಅಗತ್ಯವನ್ನು ಅಳೆಯುವ ಸಾಧನಗಳನ್ನು ಬಳಸಿ, ವಾರ್ಡಿನ ಹಿರಿಯ ನರ್ಸ್‌ನ ವಿವೇಚನೆಯನ್ನು ಅದಕ್ಕೆ ಸೇರಿಸಿ ಸಂಖ್ಯೆಯನ್ನು ನಿರ್ಧರಿಸಬೇಕೆಂಬುದು ಅದರ ತಿರುಳು. ಹೀಗೆ ಅಳೆಯಲು ಅಲ್ಲಿ ಅತಿ ಹೆಚ್ಚು ಬಳಕೆಯಾಗುವ ಸಾಧನದ ಹೆಸರು ಸೇಫರ್ ನರ್ಸಿಂಗ್ ಕೇರ್ ಟೂಲ್.

ಮಟ್ಟಗಳು ಮತ್ತು ಗುಣಕಗಳು

ಈ ಸಾಧನವು ರೋಗಿಗಳನ್ನು ಮೂಲತಃ ಐದು ಮಟ್ಟಗಳಾಗಿ ವಿಂಗಡಿಸುತ್ತಿತ್ತು. ಇದಕ್ಕೆ ಬುನಾದಿಯಾದದ್ದು ತೀವ್ರ ನಿಗಾ ಚಿಕಿತ್ಸೆಗಾಗಿ ಇಂಗ್ಲೆಂಡಿನ ಆರೋಗ್ಯ ಇಲಾಖೆ 2000ರಲ್ಲಿ ರೂಪಿಸಿದ 0ರಿಂದ 3ರವರೆಗಿನ ವರ್ಗೀಕರಣ. ಸಾಮಾನ್ಯ ವಾರ್ಡಿನ ಮಾಮೂಲಿ ಆರೈಕೆ ಸಾಕಾಗುವ ರೋಗಿ 0 ಮಟ್ಟದವರು. ಒಮ್ಮಿಂದೊಮ್ಮೆಲೇ ಕಾಯಿಲೆ ಬಿದ್ದು ಇನ್ನೂ ಸ್ಥಿರವಾಗದ, ಯಾವಾಗ ಬೇಕಾದರೂ ಹದಗೆಡಬಹುದಾದ ರೋಗಿ 1ಎ. ದೇಹಸ್ಥಿತಿ ಸ್ಥಿರವಾಗಿದ್ದರೂ ಊಟ, ಸ್ನಾನ, ಶೌಚ, ಓಡಾಟ ಹೀಗೆ ದಿನದ ಹೆಚ್ಚಿನ ಕೆಲಸಗಳಿಗೆ ಇನ್ನೊಬ್ಬರ ಕೈ ಬೇಕಾದವರು 1ಬಿ. ಒಂದು ಅಂಗ ವಿಫಲವಾಗಿ ವಿಶೇಷ ನಿಗಾ ಬೇಕಾದವರು 2. ವೆಂಟಿಲೇಟರಿನಂಥ ಮುಂದುವರಿದ ಉಸಿರಾಟದ ನೆರವು ಬೇಕಾದವರು ಅಥವಾ ಹಲವು ಅಂಗಗಳು ವಿಫಲವಾದವರು 3. ಮರುಳುತನವಿರುವ, ಬೀಳುವ ಅಪಾಯವಿರುವ, ಸದಾ ಒಬ್ಬರು ಪಕ್ಕದಲ್ಲಿ ಕುಳಿತೇ ಇರಬೇಕಾದ ರೋಗಿಗಳು ಈ ಐದರಲ್ಲಿ ಸರಿಯಾಗಿ ಹೊಂದುತ್ತಿರಲಿಲ್ಲ. 2023ರ ಪರಿಷ್ಕರಣೆಯಲ್ಲಿ ಅವರಿಗಾಗಿ ಬೇರೆ ಮಟ್ಟಗಳನ್ನು ಸೇರಿಸಲಾಯಿತು.

ಪ್ರತಿ ಮಟ್ಟಕ್ಕೂ ಒಂದು ಗುಣಕವಿದೆ. ಆ ಮಟ್ಟದ ಒಬ್ಬ ರೋಗಿ ವರ್ಷವಿಡೀ ಒಂದು ಹಾಸಿಗೆಯಲ್ಲಿದ್ದರೆ ಎಷ್ಟು ಪೂರ್ಣಾವಧಿ ಹುದ್ದೆಗಳು ಬೇಕು ಎಂಬುದನ್ನು ಅದು ಹೇಳುತ್ತದೆ. 2013ರ ಆವೃತ್ತಿಯಲ್ಲಿ ಸಾಮಾನ್ಯ ಒಳರೋಗಿ ವಾರ್ಡುಗಳಿಗೆ 0 ಮಟ್ಟಕ್ಕೆ 0.99, 1ಎಗೆ 1.39, 1ಬಿಗೆ 1.72, 2ಕ್ಕೆ 1.97, 3ಕ್ಕೆ 5.96 ಎಂದು ಕೊಡಲಾಗಿದೆ. ಇದರಲ್ಲಿ ನೋಂದಾಯಿತ ನರ್ಸ್‌ಗಳೂ ಅವರ ಸಹಾಯಕ ಸಿಬ್ಬಂದಿಯೂ ಸೇರಿದ್ದಾರೆ. ರಜೆ, ಅನಾರೋಗ್ಯ, ತರಬೇತಿಗೆಂದು ನೂರಕ್ಕೆ 22ರಷ್ಟು ಹೆಚ್ಚುವರಿಯನ್ನೂ ಇದರೊಳಗೇ ಸೇರಿಸಲಾಗಿದೆ.

ಹುದ್ದೆಗಳ ಲೆಕ್ಕವನ್ನು ದಿನದ ಗಂಟೆಗಳಿಗೆ ಇಳಿಸಿದಾಗ ಇದರ ಅರ್ಥ ಸ್ಪಷ್ಟವಾಗುತ್ತದೆ. ಎನ್‌ಎಚ್‌ಎಸ್‌ನಲ್ಲಿ ಪೂರ್ಣಾವಧಿ ಎಂದರೆ ವಾರಕ್ಕೆ 37.5 ಗಂಟೆ. ಗುಣಕವನ್ನು ಅದರಿಂದ ಗುಣಿಸಿ, ರಜೆಯ ಪಾಲನ್ನು ತೆಗೆಯಲು 1.22ರಿಂದ ಭಾಗಿಸಿ, ಮತ್ತೆ ಏಳು ದಿನಕ್ಕೆ ಹಂಚಬೇಕು. 1ಬಿ ರೋಗಿಗೆ ಲೆಕ್ಕ ಹೀಗಿದೆ:

1.72 × 37.5 ÷ 1.22 ÷ 7 = 7.55

ಅಂದರೆ ಇಂಥ ಒಬ್ಬ ರೋಗಿಗೆ 24 ಗಂಟೆಗಳಲ್ಲಿ ಸುಮಾರು ಏಳೂವರೆ ಗಂಟೆಯ ಶುಶ್ರೂಷೆ ಬೇಕು. ಇದೇ ರೀತಿ 0 ಮಟ್ಟಕ್ಕೆ 4.35, 1ಎಗೆ 6.1, 2ಕ್ಕೆ 8.65 ಗಂಟೆ ಬರುತ್ತದೆ. 3ನೇ ಮಟ್ಟಕ್ಕೆ 26 ಗಂಟೆಗಿಂತ ತುಸು ಹೆಚ್ಚು ಬರುವುದರಿಂದ ಲೆಕ್ಕ ಸರಿಯಿದೆ ಎಂದು ತಾಳೆ ನೋಡಿಕೊಳ್ಳಬಹುದು. ವೆಂಟಿಲೇಟರಿನ ರೋಗಿಯ ಪಕ್ಕದಲ್ಲಿ ಹಗಲೂ ರಾತ್ರಿಯೂ ಒಬ್ಬರು ಇರಲೇಬೇಕು, ಅವರ ವಿರಾಮಕ್ಕೂ ಪಾಳಿ ಬದಲಾಗುವಾಗ ವಿವರ ಒಪ್ಪಿಸುವುದಕ್ಕೂ ಇನ್ನಷ್ಟು ಹೊತ್ತು ಬೇಕು.

ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು 1ಎ ಮತ್ತು 1ಬಿಗಳ ನಡುವಣ ಸಂಬಂಧ. ಪ್ರಾಣಾಪಾಯ ಯಾರಿಗೆ ಹೆಚ್ಚು ಎಂದು ವೈದ್ಯರನ್ನು ಕೇಳಿದರೆ ಅವರು ಬೊಟ್ಟು ಮಾಡುವುದು 1ಎ ರೋಗಿಯ ಕಡೆಗೆ. ಆದರೆ ನರ್ಸ್‌ಗಳ ಸಮಯವನ್ನು ಹೆಚ್ಚು ಬೇಡುವವರು, ದಿನಕ್ಕೆ ಸುಮಾರು ಒಂದೂವರೆ ಗಂಟೆ ಹೆಚ್ಚು, 1ಬಿ ರೋಗಿಗಳು. ಕಾಯಿಲೆಯ ಗಂಭೀರತೆ ಬೇರೆ, ಅವಲಂಬನೆ ಬೇರೆ. ವೈದ್ಯರ ಸುತ್ತಿನಲ್ಲಿ ಎರಡು ನಿಮಿಷದಲ್ಲಿ 'ಸ್ಥಿರವಾಗಿದ್ದಾರೆ' ಎಂದು ಬರೆಸಿಕೊಂಡು ಹಿಂದೆ ಉಳಿಯುವ ವೃದ್ಧರೇ ವಾರ್ಡಿನ ಕೆಲಸದ ದೊಡ್ಡ ಪಾಲು. ಇವರಿಗೆ ಊಟ ಮಾಡಿಸಲು ಅರ್ಧ ಗಂಟೆ ಹಿಡಿಯಬಹುದು, ಹಾಸಿಗೆಯಿಂದ ಕುರ್ಚಿಗೆ ಕೂರಿಸಲು ಇಬ್ಬರು ಬೇಕಾಗಬಹುದು. ಹಾಸಿಗೆ ಎಣಿಸುವ ಪದ್ಧತಿಗೂ, ರೋಗದ ತೀವ್ರತೆಯನ್ನಷ್ಟೇ ಅಳೆಯುವ ಪದ್ಧತಿಗೂ ಕಾಣದೆ ಹೋಗುವುದು ಈ ಕೆಲಸವೇ.

ಒಂದು ವಾರ್ಡು, ಮೂರು ದಿನ

ಲೆಕ್ಕಕ್ಕಾಗಿ ವಯಸ್ಸಾದವರೇ ಹೆಚ್ಚಾಗಿರುವ, 28 ಹಾಸಿಗೆಗಳ ವೈದ್ಯಕೀಯ ವಾರ್ಡೊಂದನ್ನು ಕಲ್ಪಿಸಿಕೊಳ್ಳೋಣ. ಮೂರೂ ದಿನ ಅದು ಭರ್ತಿಯಾಗಿಯೇ ಇದೆ ಎಂದಿಟ್ಟುಕೊಳ್ಳೋಣ. ಭಾನುವಾರ 16 ಮಂದಿ 0 ಮಟ್ಟದವರು, ನಾಲ್ವರು 1ಎ, ಎಂಟು ಮಂದಿ 1ಬಿ. ಮಂಗಳವಾರ ಹತ್ತು, ಆರು, ಹನ್ನೆರಡು. ಗುರುವಾರದ ಹೊತ್ತಿಗೆ ಚೇತರಿಸಿಕೊಂಡವರು ಮನೆಗೆ ಹೋಗಿ, ಅವರ ಜಾಗಕ್ಕೆ ತುರ್ತು ವಿಭಾಗದಿಂದ ಹೊಸಬರು ಬಂದಿದ್ದಾರೆ: 0 ಮಟ್ಟದವರು ನಾಲ್ವರೇ, 1ಎ ಏಳು, 1ಬಿ ಹದಿನಾರು, ಜೊತೆಗೆ ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿ ಉಸಿರಾಟಕ್ಕೆ ಯಂತ್ರದ ನೆರವು ಕೊಡುತ್ತಿರುವ 2ನೇ ಮಟ್ಟದ ಒಬ್ಬ ರೋಗಿ.

ಮೇಲಿನ ಗಂಟೆಗಳಿಂದ ಗುಣಿಸಿ ಕೂಡಿದರೆ ಭಾನುವಾರಕ್ಕೆ ಸುಮಾರು 154, ಮಂಗಳವಾರಕ್ಕೆ 171, ಗುರುವಾರಕ್ಕೆ 190 ಗಂಟೆಗಳ ಶುಶ್ರೂಷೆ ಬೇಕಾಗುತ್ತದೆ. ಒಂದೇ ವಾರ್ಡು, ಅಷ್ಟೇ ರೋಗಿಗಳು. ಆದರೂ ಭಾನುವಾರಕ್ಕೂ ಗುರುವಾರಕ್ಕೂ 35 ಗಂಟೆಗಳ ಅಂತರವಿದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿರುವ ಉದ್ದದ ಪಾಳಿಯಲ್ಲಿ ವಿರಾಮ ಕಳೆದು 11.5 ಗಂಟೆ ಕೆಲಸ ಸಿಗುತ್ತದೆ ಎಂದುಕೊಂಡರೆ, ಅದು ಮೂರು ಪೂರ್ತಿ ಪಾಳಿಗಳಿಗೆ ಸಮ. ಸ್ಥಿರ ಅನುಪಾತಕ್ಕೆ ಮಾತ್ರ ಈ ಮೂರು ದಿನಗಳಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಒಂದಕ್ಕೆ ಆರು ಎಂದಿದ್ದರೆ ಮೂರೂ ದಿನ ಐವರು ನರ್ಸ್‌ಗಳೇ.

ದಿನದ ಒಟ್ಟು ಗಂಟೆಗಳನ್ನು ಪಾಳಿಗಳಿಗೆ ಹಂಚಬೇಕು. ಸ್ನಾನ, ಊಟ, ವೈದ್ಯರ ಸುತ್ತು, ಪರೀಕ್ಷೆಗಳು, ಬಿಡುಗಡೆಗಳು ಹಗಲಿನಲ್ಲೇ ಆಗುವುದರಿಂದ ಈ ವಾರ್ಡು ನೂರಕ್ಕೆ 60ನ್ನು ಹಗಲಿಗೂ 40ನ್ನು ರಾತ್ರಿಗೂ ಇಟ್ಟುಕೊಂಡಿದೆ ಎನ್ನೋಣ. ಇದು ಸಾಧನ ಕೊಡುವ ಅಂಕಿಯಲ್ಲ, ಆಯಾ ವಾರ್ಡು ತನ್ನ ಕೆಲಸದ ಸ್ವರೂಪ ನೋಡಿ ತೀರ್ಮಾನಿಸಬೇಕಾದದ್ದು. ಹಾಗೆ ಹಂಚಿದರೆ ಹಗಲು ಪಾಳಿಗೆ ಭಾನುವಾರ ಎಂಟು, ಮಂಗಳವಾರ ಒಂಬತ್ತು, ಗುರುವಾರ ಹತ್ತು ಜನ ಬೇಕು. ಇವರಲ್ಲಿ ಎಷ್ಟು ಮಂದಿ ನೋಂದಾಯಿತ ನರ್ಸ್‌ಗಳಾಗಿರಬೇಕು ಎಂಬುದನ್ನೂ ಸಾಧನ ಹೇಳುವುದಿಲ್ಲ. ನೂರಕ್ಕೆ 60ರಷ್ಟು ಎಂದು ಆಸ್ಪತ್ರೆ ನಿರ್ಧರಿಸಿದ್ದರೆ, ಗುರುವಾರದ ಹತ್ತು ಜನರಲ್ಲಿ ಆರು ನರ್ಸ್‌ಗಳು, ನಾಲ್ವರು ಸಹಾಯಕರು.

ಪಾಳಿಪಟ್ಟಿ ತಯಾರಾಗುವುದು ವಾರಗಳ ಮುಂಚೆ, ಸರಾಸರಿ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು. ಆದ್ದರಿಂದ ಗುರುವಾರ ಬೆಳಿಗ್ಗೆ ಕೆಲಸಕ್ಕೆ ಬಂದವರು ಐವರು ನರ್ಸ್‌ಗಳು ಮತ್ತು ನಾಲ್ವರು ಸಹಾಯಕರು. ಪಾಳಿಯ ಮುಖ್ಯ ನರ್ಸ್ ಪ್ರತಿ ರೋಗಿಯ ಮಟ್ಟವನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಸೇಫ್‌ಕೇರ್‌ನಂಥ ತಂತ್ರಾಂಶ ಬಳಸುವ ಆಸ್ಪತ್ರೆಗಳಲ್ಲಿ ಇದು ದಿನಕ್ಕೆ ಎರಡು ಮೂರು ಬಾರಿ ನಡೆಯುತ್ತದೆ. ಬೇಕಾದ ಗಂಟೆಗಳೂ ಇರುವ ಗಂಟೆಗಳೂ ಪಕ್ಕಪಕ್ಕದಲ್ಲಿ ಕಾಣಿಸುತ್ತವೆ, ಒಬ್ಬ ನರ್ಸ್‌ನ 11.5 ಗಂಟೆ ಕಡಿಮೆ ಇದೆ ಎಂದು ಗೊತ್ತಾಗುತ್ತದೆ. ನೈಸ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ನರ್ಸ್‌ಗಳ ಸಮಯದಲ್ಲಿ ಎಂಟು ಗಂಟೆಗಿಂತ ಹೆಚ್ಚಿನ ಅಥವಾ ನೂರಕ್ಕೆ 25ಕ್ಕಿಂತ ಹೆಚ್ಚಿನ ಕೊರತೆ, ಇವುಗಳಲ್ಲಿ ಯಾವುದು ಮೊದಲೋ ಅದು, ಎಚ್ಚರಿಕೆಯ ಕೆಂಪು ಬಾವುಟ. ಇಲ್ಲಿ ಕೊರತೆ ನೂರಕ್ಕೆ 17ರಷ್ಟೇ ಆದರೂ ಎಂಟು ಗಂಟೆ ಮೀರಿರುವುದರಿಂದ ಬಾವುಟ ಏರಿಸಲೇಬೇಕು.

ಬಾವುಟ ಏರಿದ ಮೇಲೆ ನಡೆಯುವುದೇ ಈ ಪದ್ಧತಿಯ ನಿಜವಾದ ಪರೀಕ್ಷೆ. ಬೆಳಗಿನ ಸಭೆಯಲ್ಲಿ ಎಲ್ಲ ವಾರ್ಡುಗಳ ಅಂಕಿಗಳನ್ನು ಒಟ್ಟಿಗೆ ನೋಡಿದಾಗ, ಶಸ್ತ್ರಚಿಕಿತ್ಸಾ ವಾರ್ಡೊಂದರಲ್ಲಿ ಬಿಡುಗಡೆಗಳಾಗಿ ಒಬ್ಬ ನರ್ಸ್‌ನ ಸಮಯ ಉಳಿಯುತ್ತದೆ ಎಂದು ಗೊತ್ತಾಗುತ್ತದೆ. ಆಕೆಯನ್ನು ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಇಲ್ಲಿಗೆ ಕಳುಹಿಸಿದರೆ ಕೊರತೆ ಮೂರೂವರೆ ಗಂಟೆಗೆ ಇಳಿಯುತ್ತದೆ. ಆದರೆ ಆಕೆಗೆ ಉಸಿರಾಟದ ಯಂತ್ರದ ತರಬೇತಿ ಇಲ್ಲ, ಈ ವಾರ್ಡಿನ ರೋಗಿಗಳ ಪರಿಚಯವೂ ಇಲ್ಲ. ಅನುಭವವುಳ್ಳ ಮುಖ್ಯ ನರ್ಸ್ ಮಾಡುವ ಕೆಲಸವೆಂದರೆ ಆಕೆಗೆ ಸ್ಥಿರವಾಗಿರುವ ನಾಲ್ಕೈದು ಮಂದಿ 1ಬಿ ರೋಗಿಗಳನ್ನು ಒಂದೇ ಕೋಣೆಯಲ್ಲಿ ವಹಿಸಿ, ವಾರ್ಡಿನದೇ ಹಿರಿಯ ನರ್ಸ್‌ಗೆ 2ನೇ ಮಟ್ಟದ ರೋಗಿಯನ್ನೂ ಜೊತೆಗೆ ಬೇರೆ ಎರಡು ಮೂರು ಮಂದಿಯನ್ನಷ್ಟೇ ಕೊಡುವುದು. ಪರದೆಯ ಮೇಲೆ ಇಬ್ಬರ ಗಂಟೆಗಳೂ ಒಂದೇ ತೂಕದವು, ವಾರ್ಡಿನಲ್ಲಿ ಹಾಗಲ್ಲ.

ಎಲ್ಲೆಲ್ಲಿ ಎಡವುತ್ತದೆ

ಈ ಸಾಧನವನ್ನು ರೂಪಿಸಿದ ಮೂಲ ಉದ್ದೇಶ ಪಾಳಿ ಪಾಳಿಗೂ ಜನರನ್ನು ಹಂಚುವುದಾಗಿರಲಿಲ್ಲ. ವರ್ಷಕ್ಕೆ ಎರಡು ಬಾರಿ ಕೆಲವು ವಾರಗಳ ಕಾಲ ದಿನವೂ ರೋಗಿಗಳ ಮಟ್ಟವನ್ನು ದಾಖಲಿಸಿ, ಅದರ ಸರಾಸರಿಯಿಂದ ವಾರ್ಡಿಗೆ ಒಟ್ಟು ಎಷ್ಟು ಹುದ್ದೆಗಳು ಮಂಜೂರಾಗಬೇಕು ಎಂದು ನಿರ್ಧರಿಸುವುದಕ್ಕಾಗಿ ಅದನ್ನು ಮಾಡಲಾಗಿತ್ತು. ಅದೇ ಮಟ್ಟಗಳನ್ನು ದಿನನಿತ್ಯದ ಹಂಚಿಕೆಗೂ ಬಳಸುವ ರೂಢಿ ತಂತ್ರಾಂಶದ ಮೂಲಕ ಬಂತು. ಇದರಿಂದ ಒಂದು ತೊಂದರೆಯಿದೆ. ಗುಣಕಗಳು ಅನೇಕ ವಾರ್ಡುಗಳಲ್ಲಿ ನಡೆದ ಕೆಲಸವನ್ನು ಗಮನಿಸಿ ತೆಗೆದ ಸರಾಸರಿಗಳು. ತಿಂಗಳ ಲೆಕ್ಕದಲ್ಲಿ ಒಬ್ಬರ ಹೆಚ್ಚು ಇನ್ನೊಬ್ಬರ ಕಡಿಮೆಯನ್ನು ಸರಿದೂಗಿಸುತ್ತದೆ. ಒಂದೇ ಪಾಳಿಯ 28 ಮಂದಿಯಲ್ಲಿ ಹಾಗಾಗುತ್ತದೆ ಎಂಬ ಖಾತರಿ ಇಲ್ಲ. ಒಬ್ಬ 1ಬಿ ರೋಗಿಗೆ ನಿಜವಾಗಿ ಐದು ಗಂಟೆ ಸಾಕಾಗಬಹುದು, ಇನ್ನೊಬ್ಬರಿಗೆ ಹತ್ತು ಬೇಕಾಗಬಹುದು. ಆದ್ದರಿಂದ ಪರದೆಯಲ್ಲಿ ಎರಡು ಗಂಟೆ ಹೆಚ್ಚು ಅಥವಾ ಕಡಿಮೆ ಎಂದು ಬಂದರೆ ಅದಕ್ಕೆ ಅಷ್ಟು ಅರ್ಥ ಹಚ್ಚಬಾರದು; ಅರ್ಧ ಪಾಳಿಗಿಂತ ಹೆಚ್ಚಿನ ವ್ಯತ್ಯಾಸ ಕಂಡಾಗ ಹೋಗಿ ನೋಡುವುದು ವಿವೇಕ.

ರೋಗಿಯ ಹಾಸಿಗೆಯೊಂದಕ್ಕೆ ದಿನದಲ್ಲಿ ಇಬ್ಬರು ಬಂದು ಹೋಗುವ ಸಂದರ್ಭವೂ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಬೆಳಿಗ್ಗೆ ಒಬ್ಬರನ್ನು ಬಿಡುಗಡೆ ಮಾಡಲು ಔಷಧ, ಕಾಗದಪತ್ರ, ಮನೆಯವರೊಂದಿಗೆ ಮಾತು. ಮಧ್ಯಾಹ್ನ ಹೊಸಬರನ್ನು ದಾಖಲಿಸಲು ಮತ್ತೆ ಅಷ್ಟೇ ಕೆಲಸ. ಎಣಿಕೆಯ ಹೊತ್ತಿಗೆ ಹಾಸಿಗೆಯಲ್ಲಿರುವುದು ಒಬ್ಬರೇ. ಇಂಥ ಓಡಾಟ ಹೆಚ್ಚಿರುವ ವಾರ್ಡುಗಳಲ್ಲಿ ಸಾಧನದ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಎಲ್ಲ ಹಾಸಿಗೆಗಳೂ ಪ್ರತ್ಯೇಕ ಕೋಣೆಗಳಲ್ಲಿರುವ ವಾರ್ಡಿನದೂ ಇದೇ ಪಾಡು. ಅಲ್ಲಿ ಒಂದೇ ನೋಟಕ್ಕೆ ಆರು ಜನ ಕಾಣುವುದಿಲ್ಲ, ನಡಿಗೆಯೂ ಹೆಚ್ಚು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮಟ್ಟ ಕೊಡುವವರ ಪ್ರಾಮಾಣಿಕತೆ. ಹೆಚ್ಚು ಮಟ್ಟ ಬರೆದರೆ ಹೆಚ್ಚು ಜನ ಸಿಗುತ್ತಾರೆ ಎಂದು ಗೊತ್ತಾದ ಕೂಡಲೇ 0 ಮಟ್ಟದವರು ಮೆಲ್ಲನೆ 1ಬಿ ಆಗತೊಡಗುತ್ತಾರೆ. ಇದಕ್ಕೆ ನರ್ಸ್‌ಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಪ್ರಾಮಾಣಿಕವಾಗಿ ಬರೆದ ವಾರ್ಡಿನಿಂದಲೇ ಪ್ರತಿ ಸಲವೂ ಜನರನ್ನು ಕಿತ್ತು ಬೇರೆಡೆ ಕಳುಹಿಸಿದರೆ ಯಾರೇ ಆದರೂ ಮುಂದಿನ ತಿಂಗಳು ಬೇರೆ ರೀತಿ ಬರೆಯಲು ಕಲಿಯುತ್ತಾರೆ. ಎದುರು ದಿಕ್ಕಿನ ಒತ್ತಡವೂ ಇದೆ: ಬಾವುಟ ಏರಿಸಿದರೂ ಯಾರೂ ಬರುವುದಿಲ್ಲ ಎಂದು ಗೊತ್ತಿರುವ ಕಡೆ ದಾಖಲಿಸುವುದೇ ನಿಂತುಹೋಗುತ್ತದೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ರೋಗಿಗಳ ವಯಸ್ಸು, ಕಾಯಿಲೆಗಳ ಸ್ವರೂಪ ಬದಲಾಗದೆ 1ಬಿಗಳ ಪಾಲು ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಅನುಮಾನಿಸಬೇಕು. ಬೆಳಗಿನ ಮತ್ತು ರಾತ್ರಿಯ ದಾಖಲೆಗಳು ದಿನಗಟ್ಟಲೆ ಅಕ್ಷರಶಃ ಒಂದೇ ಆಗಿದ್ದರೆ ಯಾರೋ ಹಿಂದಿನ ಪಾಳಿಯದನ್ನೇ ಒಪ್ಪಿಕೊಂಡು ಮುಂದೆ ಹೋಗುತ್ತಿದ್ದಾರೆ ಎಂದರ್ಥ. ಖಚಿತ ಪರೀಕ್ಷೆ ಎಂದರೆ ಬೇರೆ ವಾರ್ಡಿನ ತರಬೇತಿ ಪಡೆದ ನರ್ಸ್ ಒಬ್ಬರು ಅದೇ ಹೊತ್ತಿಗೆ ಅದೇ ರೋಗಿಗಳಿಗೆ, ಮೊದಲಿನ ದಾಖಲೆಯನ್ನು ನೋಡದೆ, ತಾವೇ ಮಟ್ಟ ಕೊಡುವುದು. ಆಮೇಲೆ ಇಬ್ಬರ ದಾಖಲೆಗಳನ್ನು ರೋಗಿಯಿಂದ ರೋಗಿಗೆ ಹೋಲಿಸಿ, ಭಿನ್ನಾಭಿಪ್ರಾಯ ಬಂದ ಕಡೆ ಹಾಸಿಗೆಯ ಪಕ್ಕದಲ್ಲೇ ನಿಂತು ಚರ್ಚಿಸುವುದು. ಹೆಚ್ಚಿನ ಭಿನ್ನಾಭಿಪ್ರಾಯಗಳು ಬರುವುದು 0 ಮತ್ತು 1ಬಿಗಳ ಗಡಿಯಲ್ಲಿ, ಅಂದರೆ 'ಸ್ವಲ್ಪ ಸಹಾಯ ಬೇಕು' ಎಂಬಲ್ಲಿಂದ 'ಹೆಚ್ಚಿನದಕ್ಕೆಲ್ಲ ಸಹಾಯ ಬೇಕು' ಎಂಬಲ್ಲಿಗೆ ದಾಟುವ ಜಾಗದಲ್ಲಿ. ಆ ಗಡಿಯೊಂದನ್ನು ತಪ್ಪಾಗಿ ದಾಟಿದರೆ ಪ್ರತಿ ರೋಗಿಗೂ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ.

ಇರುವ ಗಂಟೆಗಳ ಕಡೆಯಿಂದಲೂ ತಪ್ಪು ನುಸುಳುತ್ತದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಓದಿ, ವರ್ಷಗಟ್ಟಲೆ ಕೆಲಸ ಮಾಡಿ ಇಂಗ್ಲೆಂಡಿಗೆ ಹೋದ ನರ್ಸ್ ಅಲ್ಲಿನ ಪ್ರಾಯೋಗಿಕ ಪರೀಕ್ಷೆಯಾದ ಆಸ್ಕಿಯಲ್ಲಿ ತೇರ್ಗಡೆಯಾಗಿ, ನೋಂದಣಿ ಸಂಖ್ಯೆ ಸಿಗುವವರೆಗೆ ನೋಂದಾಯಿತ ನರ್ಸ್ ಎಂದು ಲೆಕ್ಕಕ್ಕೆ ಬರುವಂತಿಲ್ಲ. ಆಕೆಗೆ ಎಷ್ಟೇ ಅನುಭವವಿದ್ದರೂ ಔಷಧ ಕೊಡುವ ಹೊಣೆ ಹೊರುವಂತಿಲ್ಲ. ಪಾಳಿಪಟ್ಟಿಯಲ್ಲಿ ಆಕೆಯನ್ನು ನರ್ಸ್‌ಗಳ ಸಾಲಿನಲ್ಲಿ ಬರೆದುಬಿಟ್ಟರೆ ಪರದೆ ಹಸಿರಾಗಿ ಕಾಣುತ್ತದೆ, ಆದರೆ ಔಷಧದ ಸುತ್ತು ಉಳಿದವರ ಮೇಲೆ ಬೀಳುತ್ತದೆ. ಇಂಥ ಮರೆಮಾಚಿದ ಕೊರತೆ ಬಯಲಾಗುವುದು ಗಂಟೆಗಳ ಲೆಕ್ಕದಿಂದಲ್ಲ, ನಡೆಯದೆ ಉಳಿದ ಕೆಲಸದಿಂದ. ನೋವಿನ ಔಷಧ ಕೊಡಲು 30 ನಿಮಿಷಕ್ಕಿಂತ ಹೆಚ್ಚು ತಡವಾಗುವುದು, ನಾಡಿ ಮತ್ತು ರಕ್ತದೊತ್ತಡವನ್ನು ಗೊತ್ತುಮಾಡಿದ ಹೊತ್ತಿಗೆ ದಾಖಲಿಸದಿರುವುದು, ಔಷಧ ತಪ್ಪಿಹೋಗುವುದು, ಇವನ್ನೂ ನೈಸ್ ಕೆಂಪು ಬಾವುಟಗಳೆಂದೇ ಪಟ್ಟಿ ಮಾಡಿರುವುದು ಈ ಕಾರಣಕ್ಕೆ. ಲೆಕ್ಕ ಸರಿಯಿದೆ ಎಂದು ಪರದೆ ಹೇಳುತ್ತಿದ್ದು, ಅದೇ ಪಾಳಿಯಲ್ಲಿ ಇವು ಮತ್ತೆ ಮತ್ತೆ ಕಾಣಿಸಿಕೊಂಡರೆ ಪರದೆಯನ್ನು ನಂಬಬಾರದು.

ಸರಾಸರಿಗೆ ನೇಮಿಸಿದರೆ ಏನಾಗುತ್ತದೆ

ದಿನದಿನದ ಅಗತ್ಯ ಏರಿಳಿಯುವುದಾದರೆ ಕಾಯಂ ಸಿಬ್ಬಂದಿಯನ್ನು ಕಡಿಮೆ ಇಟ್ಟುಕೊಂಡು, ಬೇಕಾದ ದಿನ ತಾತ್ಕಾಲಿಕವಾಗಿ ಕರೆಸಿಕೊಳ್ಳಬಹುದಲ್ಲ ಎಂಬ ಆಲೋಚನೆ ಹಣಕಾಸು ವಿಭಾಗಕ್ಕೆ ಸಹಜವಾಗಿಯೇ ಬರುತ್ತದೆ. ಸೌತಾಂಪ್ಟನ್ ವಿಶ್ವವಿದ್ಯಾಲಯದ ಪೀಟರ್ ಗ್ರಿಫಿತ್ಸ್ ಮತ್ತು ಸಂಗಡಿಗರು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇದೇ ಸಾಧನದಿಂದ ಸಂಗ್ರಹಿಸಿದ ಮಾಹಿತಿಯನ್ನು ಬಳಸಿ, ಕಂಪ್ಯೂಟರಿನಲ್ಲಿ ಈ ಆಲೋಚನೆಯನ್ನು ಪರೀಕ್ಷಿಸಿದರು. ಕಾಯಂ ಸಿಬ್ಬಂದಿ ಸರಾಸರಿ ಅಗತ್ಯಕ್ಕಿಂತ ಕಡಿಮೆ, ಸರಾಸರಿಯಷ್ಟು, ಮತ್ತು ಹೆಚ್ಚಿನ ದಿನಗಳ ಏರಿಕೆಯನ್ನೂ ತಾಳಿಕೊಳ್ಳುವಷ್ಟು ಎಂಬ ಮೂರು ಬಗೆಗಳನ್ನು ಅವರು ಹೋಲಿಸಿದರು. ಮೊದಲನೆಯದರಲ್ಲಿ ಸಂಬಳದ ಖರ್ಚು ಕಡಿಮೆ, ಆದರೆ ಕೊರತೆಯ ಪಾಳಿಗಳು ಹೆಚ್ಚು, ಅದರಿಂದಾಗುವ ಸಾವುಗಳೂ ದೀರ್ಘಕಾಲದ ಆಸ್ಪತ್ರೆವಾಸವೂ ಹೆಚ್ಚು. ಮೂರನೆಯದು ದುಬಾರಿಯಾದರೂ, ಅದರಿಂದ ಸಿಗುವ ಲಾಭಕ್ಕೆ ಹೋಲಿಸಿದಾಗ ಆ ಖರ್ಚು ಯೋಗ್ಯವೇ ಎಂದು ಅವರ ಲೆಕ್ಕ ತೋರಿಸಿತು.

ಕಾರಣ ಅರ್ಥವಾಗುವಂಥದ್ದೇ. ಸರಾಸರಿಗೆ ಸರಿಯಾಗಿ ನೇಮಿಸಿದ ವಾರ್ಡು ಸುಮಾರು ಅರ್ಧದಷ್ಟು ದಿನ ಸರಾಸರಿಗಿಂತ ಮೇಲಿನ ಕೆಲಸವನ್ನು ಎದುರಿಸುತ್ತದೆ, ಅದರ ಮೇಲೆ ಯಾರಾದರೂ ಹುಷಾರಿಲ್ಲವೆಂದು ರಜೆ ಹಾಕಿದರೆ ಕೊರತೆ ಇನ್ನಷ್ಟು. ಒಂದು ವಾರ್ಡಿಗೆ ಕಷ್ಟವಾಗುವ ಚಳಿಗಾಲದ ವಾರ ಎಲ್ಲ ವಾರ್ಡುಗಳಿಗೂ ಕಷ್ಟದ್ದೇ ಆಗಿರುವುದರಿಂದ, ಸಾಲ ಕೊಡಲು ಯಾರ ಬಳಿಯೂ ಹೆಚ್ಚುವರಿ ನರ್ಸ್ ಇರುವುದಿಲ್ಲ. ತಾತ್ಕಾಲಿಕ ನರ್ಸ್‌ಗಳೂ ಅದೇ ವಾರ ಸಿಗುವುದಿಲ್ಲ. ಸಾಕಷ್ಟು ಕಾಯಂ ಸಿಬ್ಬಂದಿಯಿದ್ದರೆ ಮಾತ್ರ ನಮ್ಮ ಗುರುವಾರದ ಉದಾಹರಣೆಯಲ್ಲಿದ್ದಂತೆ ಶಸ್ತ್ರಚಿಕಿತ್ಸಾ ವಾರ್ಡಿನಿಂದ ಒಬ್ಬರು ಬರಲು ಸಾಧ್ಯ. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಅಂಶ ಇದೇ: ಅವಲಂಬನೆಯ ಲೆಕ್ಕವನ್ನು ಕಡಿಮೆ ಜನರನ್ನು ಜಾಣತನದಿಂದ ಓಡಾಡಿಸುವ ಉಪಾಯವೆಂದು ತಂದ ಕಡೆ ಅದು ಸೋಲುತ್ತದೆ. ಅನುಪಾತದ ಕೆಳಮಿತಿಯನ್ನು ಉಳಿಸಿಕೊಂಡು ಅದರ ಮೇಲೆ ಇದನ್ನು ಕಟ್ಟುವುದೇ ಸುರಕ್ಷಿತ.

ಈ ಅಂಕಿಗಳನ್ನು ಕರ್ನಾಟಕದ ವಾರ್ಡಿಗೆ ತರಬಹುದೆ?

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಹಾಸಿಗೆಯ ಲೆಕ್ಕದ್ದು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ಹಾಸಿಗೆಗೆ ಒಬ್ಬ ನರ್ಸ್, ಜೊತೆಗೆ ನೂರಕ್ಕೆ 30ರಷ್ಟು ರಜಾ ಮೀಸಲು ಎಂದು ಅದು ಹೇಳುತ್ತದೆ. ಕ್ವೀನ್ಸ್‌ಲೆಂಡಿನ ಒಂದಕ್ಕೆ ನಾಲ್ಕಕ್ಕಿಂತಲೂ ಇದು ಉದಾರವೆಂದು ಮೇಲ್ನೋಟಕ್ಕೆ ಕಾಣಬಹುದು. ಆದರೆ ಇದು ಮೂರೂ ಪಾಳಿಗಳಿಗೆ ಸೇರಿದ ಹುದ್ದೆಗಳ ಅನುಪಾತ. ಪ್ರತಿ ಪಾಳಿಗೆ ಒಂದಕ್ಕೆ ಒಂಬತ್ತು ಎಂದು ಪರಿಷತ್ತೇ ಅದನ್ನು ಬಿಡಿಸಿ ಹೇಳಿದೆ. ಯಾವುದೇ ಅನುಪಾತವನ್ನು ಓದುವಾಗ ಅದು ಪಾಳಿಯದೋ ಒಟ್ಟು ಹುದ್ದೆಗಳದೋ ಎಂದು ಮೊದಲು ಕೇಳಬೇಕಾದದ್ದು ಇದಕ್ಕಾಗಿ.

ಇಂಗ್ಲೆಂಡಿನ ಮಟ್ಟಗಳನ್ನು ಇಲ್ಲಿ ಬಳಸಲು ಅಡ್ಡಿಯಿಲ್ಲ, ಏಕೆಂದರೆ ಅವು ರೋಗಿಯ ಸ್ಥಿತಿಯನ್ನು ವರ್ಣಿಸುತ್ತವೆ. ಗುಣಕಗಳನ್ನು ಮಾತ್ರ ಹಾಗೆಯೇ ತರಲಾಗದು, ಏಕೆಂದರೆ ಅವು ಅಲ್ಲಿನ ಕೆಲಸದ ಹಂಚಿಕೆಯನ್ನು ವರ್ಣಿಸುತ್ತವೆ. 1ಬಿ ರೋಗಿಯ ಏಳೂವರೆ ಗಂಟೆಗಳಲ್ಲಿ ಊಟ ಮಾಡಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಶೌಚಕ್ಕೆ ನೆರವಾಗುವುದು ದೊಡ್ಡ ಪಾಲು. ಇಂಗ್ಲೆಂಡಿನಲ್ಲಿ ಇದನ್ನು ಸಂಬಳ ಪಡೆಯುವ ಸಿಬ್ಬಂದಿ ಮಾಡುತ್ತಾರೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಇದರ ಬಹುಭಾಗವನ್ನು ಮಾಡುವವರು ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡಿರುವ ಮಗಳು, ಸೊಸೆ ಅಥವಾ ಹೆಂಡತಿ. ಅವರ ಗಂಟೆಗಳು ಯಾವ ದಾಖಲೆಯಲ್ಲೂ ಇಲ್ಲ. ಸಲೈನ್ ಬಾಟಲಿ ಮುಗಿಯಿತೆಂದು ಓಡಿಬಂದು ಹೇಳುವವರೂ ಅವರೇ.

ಹಾಗಾಗಿ ಇಲ್ಲಿ ಗುಣಕ ಕಟ್ಟಬೇಕಾದರೆ ಮೊದಲು ವಾರ್ಡಿನಲ್ಲಿ ಸಮಯದ ಸಮೀಕ್ಷೆ ನಡೆಯಬೇಕು: ಪ್ರತಿ ಹತ್ತು ನಿಮಿಷಕ್ಕೊಮ್ಮೆ ಯಾವ ರೋಗಿಗೆ ಯಾರು ಏನು ಮಾಡುತ್ತಿದ್ದಾರೆ ಎಂದು, ನರ್ಸ್, ಆಯಾ ಮತ್ತು ಮನೆಯವರನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆಯುತ್ತಾ, ಹಗಲೂ ರಾತ್ರಿಯೂ ಹಲವು ದಿನ. ಮನೆಯವರಿಲ್ಲದ ರೋಗಿಗಳನ್ನು ಪ್ರತ್ಯೇಕವಾಗಿ ಗುರುತಿಸಿದರೆ, ಅದೇ ಮಟ್ಟದ ಇಬ್ಬರು ರೋಗಿಗಳ ಮೇಲೆ ನರ್ಸ್‌ಗಳು ಕಳೆದ ಸಮಯದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ತಿಳಿಯುತ್ತದೆ. ಮನೆಯವರು ಮಾಡುವ ಕೆಲಸದಲ್ಲಿ ಯಾವುದು ಅವರೇ ಮಾಡಲು ಇಷ್ಟಪಡುವ ಆರೈಕೆ, ಯಾವುದು ಮೂಗಿನ ನಳಿಕೆಯಿಂದ ಆಹಾರ ಕೊಡುವಂಥ, ತರಬೇತಿಯಿಲ್ಲದವರು ಮಾಡಲೇಬಾರದ ಕೆಲಸ ಎಂದು ಬೇರ್ಪಡಿಸಬೇಕು. ಎರಡನೆಯ ಬಗೆಯ ಗಂಟೆಗಳನ್ನು ನರ್ಸ್‌ಗಳ ಅಂಕಣಕ್ಕೆ ಸೇರಿಸಿದ ಮೇಲೆ ಬರುವ ಮೊತ್ತವೇ ಇಲ್ಲಿನ ಗುಣಕಕ್ಕೆ ಆಧಾರವಾಗಬಲ್ಲದು.